ಹದಿನೈದು ಪೈಸೆಯ ವಾಯಿದೆ

ನಮ್ಮ ಮನೆಗೆ ಬರುತ್ತಿದ್ದ ಕಾರ್ಡುಗಳಲ್ಲಿ ಮೂರು ಜಾತಿ ಇದ್ದವು. ನಾಲ್ಕು ಮೂಲೆಗೂ ಅರಿಸಿನ ಹಚ್ಚಿಕೊಂಡು ಬಂದದ್ದು ಮದುವೆ, ಮುಂಜಿಯದು. ಅದನ್ನು ಓದಿ ದೇವರ ಗೂಡಿನಲ್ಲಿ ಇಡುತ್ತಿದ್ದರು. ಸಾವಿನ ಸುದ್ದಿ ತಂದದ್ದನ್ನು ಹೊಸ್ತಿಲಾಚೆಯೇ ಓದಿ ಹರಿದುಹಾಕುತ್ತಿದ್ದರು. ಅದು ಒಳಗೆ ಬರುವಂತಿರಲಿಲ್ಲ. ಮೂರನೆಯದು ವಕೀಲರ ಗುಮಾಸ್ತರು ಬರೆದ ಕಾರ್ಡು. ಅದಕ್ಕೆ ಶುಭವೂ ಇಲ್ಲ, ಅಶುಭವೂ ಇಲ್ಲ. ನಡುಮನೆಯ ಗೋಡೆಯ ಮೊಳೆಗೆ ನೇತುಹಾಕಿದ್ದ ತಂತಿಯ ಕೊಕ್ಕೆಗೆ ಅದನ್ನು ಚುಚ್ಚಿಡಬೇಕು. ಕಂದಾಯದ ರಸೀದಿ, ಸೊಸೈಟಿಯ ಚೀಟಿಗಳ ನಡುವೆ ಆ ಕಾರ್ಡುಗಳು ಒಂದರ ಮೇಲೊಂದು ಕೂರುತ್ತಾ ಹೋದವು. ನಮ್ಮ ತಾತನ ದಾವೆಯ ವಯಸ್ಸನ್ನು ಆ ತಂತಿ ನೋಡಿಯೇ ಹೇಳಬಹುದಿತ್ತು.

ದಾವೆ ಗಾಡಿ ದಾರಿಯದು. ತಿಪಟೂರು ಸೀಮೆಯಲ್ಲಿ ತೆಂಗಿನ ತೋಟ ಇರುವವರಿಗೆ ದಾರಿ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಗೊಬ್ಬರ ಒಳಗೆ ಹೋಗಬೇಕು, ಕಾಯಿ ಹೊರಗೆ ಬರಬೇಕು. ಎತ್ತಿನ ಗಾಡಿ ಹೋಗದ ತೋಟದ ಕಾಯಿಯನ್ನು ತಲೆಯ ಮೇಲೆ ಹೊರಿಸಿದರೆ ಕೂಲಿಗೇ ಕೊಬ್ಬರಿ ಮಾರಿದ ದುಡ್ಡು ಮುಗಿಯುತ್ತದೆ. ನಮ್ಮ ತೋಟಕ್ಕೆ ಹೋಗುವ ದಾರಿ ಪಕ್ಕದ ಹಿಡುವಳಿಯ ಬದುವಿನ ಗುಂಟ ಹಾದುಹೋಗುತ್ತಿತ್ತು. ಎಂಬತ್ತರ ದಶಕದ ಮಧ್ಯದಲ್ಲಿ ಒಂದು ಬೆಳಿಗ್ಗೆ ಪಕ್ಕದವರು ಅದಕ್ಕೆ ಅಡ್ಡ ಬೇಲಿ ಹಾಕಿದರು. ಪಂಚಾಯ್ತಿ ಕೂತಿತು, ಎದ್ದಿತು. ಆಮೇಲೆ ಮುನ್ಸೀಫ್ ಕೋರ್ಟು.

ವಕೀಲರನ್ನು ತಾತ ಕಂಡದ್ದು ಕಡಿಮೆ. ಅವರು ಇಂಗ್ಲಿಷಿನಲ್ಲಿ ಕೋರ್ಟಿನೊಂದಿಗೆ ಮಾತಾಡುವವರು. ತಾತನೊಂದಿಗೆ ಮಾತಾಡುತ್ತಿದ್ದವರು ಗುಮಾಸ್ತರು. ಎಲ್ಲರೂ ಅವರನ್ನು ರಾಯರು ಎನ್ನುತ್ತಿದ್ದರು. ನಮಗೂ ಅಷ್ಟೇ ಗೊತ್ತು. ದಬ್ಬಳ, ಬಿಳಿ ದಾರ, ಕೋರ್ಟ್ ಫೀ ಸ್ಟಾಂಪು, ಕಾರ್ಬನ್ ಹಾಳೆ, ಅಂಚೆ ಕಾರ್ಡಿನ ಒಂದು ಸಣ್ಣ ಕಟ್ಟು, ಇಷ್ಟು ಅವರ ಕೈಚೀಲದಲ್ಲಿ ಯಾವಾಗಲೂ ಇರುತ್ತಿದ್ದ ಆಸ್ತಿ. ಬೆಳಿಗ್ಗೆ ಹತ್ತೂವರೆಗೆ ಕೋರ್ಟಿನ ಬಾಗಿಲ ಪಕ್ಕದ ಬೋರ್ಡಿನಲ್ಲಿ ಅಂಟಿಸಿದ ಆ ದಿನದ ಕೇಸುಗಳ ಪಟ್ಟಿ ನೋಡುವುದು, ತಮ್ಮ ವಕೀಲರ ಕಟ್ಟುಗಳನ್ನು ಕರೆಯುವ ಕ್ರಮದಲ್ಲಿ ಜೋಡಿಸಿ ಇಡುವುದು, ಜವಾನ ಪಾರ್ಟಿಯ ಹೆಸರು ಕೂಗಿದಾಗ ಪಾರ್ಟಿ ಮೂತ್ರಕ್ಕೆ ಹೋಗಿದ್ದರೆ ಓಡಿ ಕರೆತರುವುದು, ಸಾಹೇಬರು ಹೇಳಿದ ಮುಂದಿನ ತಾರೀಖನ್ನು ಬೆಂಚ್ ಗುಮಾಸ್ತರಿಂದ ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಳ್ಳುವುದು. ಸಂಜೆ ಆಫೀಸಿನ ಜಗಲಿಯಲ್ಲಿ ಕೂತು ಡೈರಿ ಬಿಚ್ಚಿ ಕಾರ್ಡು ಬರೆಯುವುದು.

ಆ ಡೈರಿಯ ಲೆಕ್ಕ ಸರಳವಾಗಿ ಕಂಡರೂ ಬಿಗಿಯಾದದ್ದು. ಇವತ್ತಿನ ಪುಟದಲ್ಲಿ ಇರುವ ಪ್ರತಿ ಕೇಸಿನ ಎದುರು ಇವತ್ತು ಏನಾಯಿತು, ಮುಂದಿನ ತಾರೀಖು ಯಾವುದು, ಯಾತಕ್ಕೆ ಎಂದು ಬರೆಯಬೇಕು. ತಕ್ಷಣ ಆ ಮುಂದಿನ ತಾರೀಖಿನ ಪುಟಕ್ಕೆ ಹೋಗಿ ಅದೇ ಕೇಸನ್ನು ಅಲ್ಲಿ ದಾಖಲಿಸಬೇಕು. ಮೂರನೆಯ ಸಲ ಅದನ್ನೇ ಕೇಸಿನ ಕಟ್ಟಿನ ಮೇಲುಹೊದಿಕೆಯ ಮೇಲೂ ಬರೆಯಬೇಕು. ಮೂರರಲ್ಲಿ ಎರಡನೆಯದು ತಪ್ಪಿತೋ, ಆ ಕೇಸು ಡೈರಿಯಿಂದಲೇ ಮಾಯ. ಆ ದಿನ ಕೋರ್ಟಿನಲ್ಲಿ ಹೆಸರು ಕೂಗುತ್ತಾರೆ, ಎದುರು ಪಾರ್ಟಿ ಹಾಜರಿರುತ್ತಾನೆ, ವಾದಿಯೂ ಇಲ್ಲ, ವಕೀಲರೂ ಇಲ್ಲ. ದಾವೆ ಗೈರುಹಾಜರಿಗೆ ವಜಾ. ಅದನ್ನು ಮತ್ತೆ ಎಬ್ಬಿಸಲು 30 ದಿನದೊಳಗೆ ಅರ್ಜಿ ಹಾಕಬೇಕು, ಬಾರದಿದ್ದುದಕ್ಕೆ ಸಾಕಷ್ಟು ಕಾರಣ ತೋರಿಸಬೇಕು. ತಿಂಗಳ ಕೊನೆಗೆ ರಾಯರು ಬೀರುವಿನಿಂದ ಎಲ್ಲ ಕಟ್ಟುಗಳನ್ನೂ ಕೆಳಗಿಳಿಸಿ, ಹೊದಿಕೆಯ ಮೇಲಿನ ತಾರೀಖನ್ನು ಡೈರಿಯೊಂದಿಗೆ ತಾಳೆ ನೋಡುತ್ತಿದ್ದರು. ಯಾವ ಕಟ್ಟಿನ ಮೇಲಿನ ಕೊನೆಯ ತಾರೀಖು ಕಳೆದುಹೋದ ತಾರೀಖಾಗಿದೆಯೋ ಅದು ಕಳೆದುಹೋದ ಕೇಸು. ಅದನ್ನು ಹಿಡಿದುಕೊಂಡು ಮಾರನೇ ದಿನ ಬೆಂಚ್ ಗುಮಾಸ್ತರ ಮೇಜಿಗೆ.

ಇನ್ನು ಕಾರ್ಡು. ಅದರ ಬೆಲೆ ಆಗ ಹದಿನೈದು ಪೈಸೆ. ತಾತನಿಗೆ ಕಣ್ಣು ಮಂಜಾಗಿತ್ತು, ಓದಿ ಹೇಳುವ ಕೆಲಸ ನನ್ನದು. ಸಾಕ್ಷ್ಯದ ವಾಯಿದೆಗೆ ಬಂದ ಕಾರ್ಡು ಹೆಚ್ಚು ಕಡಿಮೆ ಹೀಗಿತ್ತು:

“ಶ್ರೀಮಾನ್ ಯಜಮಾನರಿಗೆ ಗುಮಾಸ್ತನ ನಮಸ್ಕಾರಗಳು. ಈ ದಿನ ತಮ್ಮ ಓ.ಎಸ್. ಕೂಗಿತು. ಎದುರು ಪಾರ್ಟಿ ವಕೀಲರು ಹಾಜರಿದ್ದರು. ನಮ್ಮ ಕಡೆ ಸಾಕ್ಷಿಗೆ ಬರುವ ತಿಂಗಳು 17ನೇ ತಾರೀಖು ಗುರುವಾರ ಹಾಕಿದ್ದಾರೆ. ತಾವು ಹಿಂದಿನ ದಿನ ಸಾಯಂಕಾಲ 5ಕ್ಕೇ ಆಫೀಸಿಗೆ ಬರುವುದು. ತರಬೇಕಾದ್ದು: ತಮ್ಮ ಕ್ರಯಪತ್ರ ಅಸಲು. ಎರಡೂ ಸರ್ವೆ ನಂಬರಿನ ಪಹಣಿ, ಹಳೆಯದು ಎಷ್ಟು ಹಿಂದಿನದು ಸಿಕ್ಕರೆ ಅಷ್ಟು. ಗ್ರಾಮ ನಕಾಶೆ, ಸರ್ವೆ ಆಫೀಸಿನ ಮೊಹರು ಇರುವುದು. ಬೇಲಿ ಹಾಕಿದಾಗ ಕೊಟ್ಟ ಅರ್ಜಿಯ ನಕಲು. ತಾವು ಹೇಳಿದ ಹಿರಿಯರನ್ನು ಜೊತೆಗೆ ಕರೆತರುವುದು, ಅವರ ಬಸ್ ಚಾರ್ಜು ಊಟ ತಮ್ಮದು. ನಕಲು ಬಾಬ್ತು 20 ರೂ. ಬೆಳಿಗ್ಗೆ 10-30ಕ್ಕೆ ಕೋರ್ಟಿನ ಹತ್ತಿರ ಇರುವುದು. ಪಾರ್ಟಿಗಳಲ್ಲಿ ಯಾರಾದರೂ ತೀರಿಕೊಂಡಿದ್ದರೆ ತಕ್ಷಣ ತಿಳಿಸುವುದು.”

ಇಷ್ಟನ್ನು ಒಂದು ಕಾರ್ಡಿನ ಮೈಮೇಲೆ ಬರೆದು, ಜಾಗ ಮುಗಿದಾಗ ಎಡಗಡೆ ಅಂಚಿನಲ್ಲಿ ಅಡ್ಡಡ್ಡವಾಗಿ ಬರೆದು ಮುಗಿಸುತ್ತಿದ್ದರು. ನನಗೆ ಆಗ ಇದು ಅಂಗಡಿಯ ಸಾಮಾನಿನ ಚೀಟಿಯಂತೆ ಕಂಡಿತ್ತು. ಒಂದೊಂದು ಬಾಬ್ತಿಗೂ ಒಂದೊಂದು ಕಾರಣ ಇತ್ತು ಎನ್ನುವುದು ತಿಳಿದದ್ದು ವರ್ಷಗಳಾದ ಮೇಲೆ.

ಇನ್ನೊಬ್ಬರ ಜಮೀನಿನ ಮೇಲೆ ನಡೆಯುವ ಹಕ್ಕನ್ನು ಬಳಕೆಯಿಂದಲೇ ಪಡೆಯಬಹುದು. 1882ರ ಈಸ್‌ಮೆಂಟ್ ಕಾಯ್ದೆ ಅದಕ್ಕೆ 20 ವರ್ಷ ಎನ್ನುತ್ತದೆ. ಇಪ್ಪತ್ತು ವರ್ಷ ತಡೆಯಿಲ್ಲದೆ, ಜಗಳವಿಲ್ಲದೆ, ಬಹಿರಂಗವಾಗಿ, ಹಕ್ಕಿನಿಂದ ನಡೆದಿರಬೇಕು. ಆ ಬಳಕೆ ದಾವೆ ಹಾಕುವ ಹಿಂದಿನ ಎರಡು ವರ್ಷದೊಳಗಿನವರೆಗೂ ಬಂದಿರಬೇಕು. ಬೇಲಿಯ ದಿನ ಕೊಟ್ಟ ಅರ್ಜಿಯ ನಕಲನ್ನು ರಾಯರು ಕೇಳಿದ್ದು ಈ ಎರಡು ವರ್ಷಕ್ಕಾಗಿ. ದಾರಿ ಯಾವತ್ತು ನಿಂತಿತು ಎನ್ನುವುದಕ್ಕೆ ಬಾಯಿಮಾತಿಗಿಂತ ಮೊಹರು ಬಿದ್ದ ಕಾಗದ ಮೇಲು. ಎರಡೂ ಸರ್ವೆ ನಂಬರಿನ ಪಹಣಿ ಯಾಕೆಂದರೆ, ದಾರಿ ಬೇಕಾದ ಜಮೀನು ಒಂದು, ದಾರಿ ಕೊಡಬೇಕಾದ ಜಮೀನು ಇನ್ನೊಂದು. ಎರಡರ ಒಡೆತನವೂ ಕೋರ್ಟಿನ ಕಣ್ಣಿಗೆ ಬೀಳಬೇಕು. ನಕಾಶೆಯಲ್ಲಿ ಬಂಡಿ ದಾರಿಯ ಚುಕ್ಕೆ ಗೆರೆ ಇದ್ದರೆ ಅರ್ಧ ಕೆಲಸ ಆದಂತೆ. ಪಹಣಿಯಲ್ಲಿ ಆ ಭಾಗ ಬಿ ಖರಾಬು ಎಂದಿದ್ದರೆ ಕಥೆಯೇ ಬೇರೆ, ಆಗ ಅದು ಪಕ್ಕದವರ ಜಮೀನೂ ಅಲ್ಲ, ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ. ಅದನ್ನು ಸಾಕ್ಷಿ ಕಟ್ಟೆ ಹತ್ತಿದ ಮೇಲೆ ಕಂಡುಕೊಳ್ಳುವುದಕ್ಕಿಂತ ಒಂದು ತಿಂಗಳು ಮುಂಚೆ ಕಂಡುಕೊಳ್ಳುವುದು ವಾಸಿ.

ಅಸಲು ಕ್ರಯಪತ್ರದ ಮಾತೂ ಹಾಗೆಯೇ. ಸಾಕ್ಷಿ ಅದನ್ನು ಕೈಯಲ್ಲಿ ಹಿಡಿದು ಇದು ನಮ್ಮದು ಎಂದಾಗ ಅದರ ಮೇಲೆ ನಿಶಾನೆ ಪಿ-1 ಎಂದು ಗುರುತು ಬೀಳುತ್ತದೆ. ಒಮ್ಮೆ ಗುರುತು ಬಿದ್ದ ಅಸಲು ದಾವೆ ಮುಗಿಯುವವರೆಗೆ ಸಾಮಾನ್ಯವಾಗಿ ಕೋರ್ಟಿನ ಕಡತದಲ್ಲೇ. ನಕಲು ಬಾಬ್ತು ಇಪ್ಪತ್ತು ರೂಪಾಯಿ ಕೇಳಿದ್ದು ಅದಕ್ಕೇ: ಅಸಲನ್ನು ಬಿಟ್ಟು ಬರುವ ಮೊದಲು ಒಂದು ನಕಲು ಮನೆಯ ಪೆಟ್ಟಿಗೆಗೆ.

ಇದೆಲ್ಲ ಕಾಗದದ ಮಾತಾಯಿತು. ಹಿಂದಿನ ದಿನ ಸಾಯಂಕಾಲ ಬನ್ನಿ ಎಂದದ್ದು ಮಾತ್ರ ಮಾತಿಗಾಗಿಯೇ. ಆ ಸಂಜೆ ನಾನೂ ತಾತನ ಜೊತೆ ಹೋಗಿದ್ದೆ. ಹಿರಿಯರೆಂದರೆ ನಮ್ಮೂರಿನ ಅಗಸರ ಅಜ್ಜ. ನೆಂಟರಲ್ಲ, ಸಾಲಗಾರರಲ್ಲ, ಎರಡೂ ಕಡೆಯ ಬಟ್ಟೆ ಒಗೆದವರು. ನೆಂಟರಲ್ಲದವರೇ ಬೇಕು ಎನ್ನುವುದು ರಾಯರ ಹಟ. ಅಜ್ಜನಿಗೆ ವರ್ಷಗಳ ಲೆಕ್ಕ ಗೊತ್ತಿರಲಿಲ್ಲ. ರಾಯರು ಇಸವಿ ಕೇಳಲೇ ಇಲ್ಲ.

“ನೆಹರೂ ತೀರಿಕೊಂಡ್ರಲ್ಲ, ಆವಾಗ ಆ ದಾರೀಲಿ ಗಾಡಿ ಹೋಗ್ತಿತ್ತಾ ಅಜ್ಜ?”

“ಓಗ್ದೆ ಏನು ಸ್ವಾಮಿ. ಅದಕ್ಕೂ ಮುಂಚ್ಲಿಂದ್ಲೂವೆ ಓಯ್ತಿತ್ತು.”

ಅಲ್ಲಿಗೆ ಇಪ್ಪತ್ತು ವರ್ಷ ದಾಟಿತು. ಆಮೇಲೆ ರಾಯರು ಎದುರು ವಕೀಲರ ದನಿ ತೆಗೆದರು. “ಗಾಡಿ ಹೊಡ್ಕೊಂಡು ಹೋಗುವಾಗ ಪಕ್ಕದ ಜಮೀನಿನವರನ್ನ ಕೇಳಿಕೊಂಡೇ ಹೋಗ್ತಿದ್ರಿ, ಅಲ್ವೇ?”

ತಾತ ತಡಮಾಡದೆ, “ಊಂ ಮತ್ತೆ, ಕೇಳ್ಕಂಡೇ ಹೋಗ್ತಿದ್ವಿ” ಎಂದರು.

ರಾಯರು ಪೆನ್ನು ಕೆಳಗಿಟ್ಟರು. “ಕೇಳಿಕೊಂಡೇ ಹೋಗ್ತಿದ್ರಾ ಯಜಮಾನ್ರೇ? ನಿಜವಾಗ್ಲೂ ಒಂದು ದಿನವಾದ್ರೂ ಅವರ ಬಾಗಿಲಿಗೆ ಹೋಗಿ, ಗಾಡಿ ಹೊಡೆಯಲಾ ಅಂತ ಕೇಳಿದ್ದುಂಟಾ?”

ತಾತ ಯೋಚಿಸಿದರು. ಕೇಳಿದ್ದಿಲ್ಲ. ತಾತನ ಅಪ್ಪನೂ ಕೇಳಿದ್ದಿಲ್ಲ. ದಾರಿಯಲ್ಲಿ ಪಕ್ಕದವರು ಎದುರಾದರೆ “ಹೋಗ್ತೀವಪ್ಪಾ” ಎನ್ನುತ್ತಿದ್ದರು, ಅವರೂ “ಹೂಂ ಹೋಗ್ರಿ” ಎನ್ನುತ್ತಿದ್ದರು. ಹಳ್ಳಿಯಲ್ಲಿ ಅದು ಮರ್ಯಾದೆ. ಕೋರ್ಟಿನಲ್ಲಿ ಅದೇ ಮಾತು ಅನುಮತಿ ಆಗಿಬಿಡುತ್ತದೆ. ಅನುಮತಿ ಪಡೆದು ನಡೆದವನಿಗೆ ಇಪ್ಪತ್ತಲ್ಲ, ಐವತ್ತು ವರ್ಷ ನಡೆದರೂ ಹಕ್ಕು ಹುಟ್ಟುವುದಿಲ್ಲ. ಪಾಟಿ ಸವಾಲಿನಲ್ಲಿ ಎದುರು ವಕೀಲರು ಕಾಯುವುದು ಇಂಥ ಒಂದು “ಹೌದು ಸ್ವಾಮಿ”ಗಾಗಿ. ಅದನ್ನು ಸಾಹೇಬರು ಬರೆಸಿಕೊಂಡ ಮೇಲೆ ನಕಾಶೆಯೂ ಉಳಿಸುವುದಿಲ್ಲ, ಪಹಣಿಯೂ ಉಳಿಸುವುದಿಲ್ಲ.

“ಸುಳ್ಳು ಹೇಳಬೇಡಿ,” ಎಂದರು ರಾಯರು. “ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ಆದರೆ ಮರ್ಯಾದೆಗೆ ಹೇಳೋ ಮಾತನ್ನ ಅಲ್ಲಿ ಹೇಳಬೇಡಿ. ಆದದ್ದಷ್ಟೇ ಹೇಳಿ.”

ಕಾನೂನಿನ ಪುಸ್ತಕದಲ್ಲಿ ಇದು ಒಂದೂವರೆ ಸಾಲಿನಲ್ಲಿ ಇದೆ. ಅದು ನಮ್ಮ ತಾತನಂಥವರ ನಾಲಿಗೆಯ ಮೇಲೆ ಹೇಗೆ ಎಡವುತ್ತದೆ ಎನ್ನುವುದು ಯಾವ ಪುಸ್ತಕದಲ್ಲೂ ಇಲ್ಲ. ಜೀವಮಾನವಿಡೀ ಕೋರ್ಟಿನ ಹಿಂದಿನ ಬೆಂಚಿನ ಪಕ್ಕ ನಿಂತು, ಒಳ್ಳೆಯವರು ಒಳ್ಳೆಯತನದಿಂದಲೇ ಸೋಲುವುದನ್ನು ನೋಡಿದ್ದ ಮನುಷ್ಯನಿಗೆ ಅದು ಗೊತ್ತಿತ್ತು. “ಹಿಂದಿನ ದಿನ ಸಾಯಂಕಾಲ 5ಕ್ಕೇ” ಎಂಬ ಆ ಏಕಾರದ ಒತ್ತು ಅದಕ್ಕಾಗಿತ್ತು.

ಕಾರ್ಡು ತೆರೆದ ಕಾಗದ. ಅಂಚೆ ಜವಾನನಿಂದ ಹಿಡಿದು ಟೀ ಅಂಗಡಿಯ ಹುಡುಗನವರೆಗೆ ಎಲ್ಲರೂ ಓದಿ ಕೊಡುತ್ತಿದ್ದರು, ಎದುರು ಪಾರ್ಟಿಯೂ ಅದೇ ಊರು. ಹಾಗಾಗಿ ರಾಯರು ಸಾಕ್ಷಿಯ ಹೆಸರು ಬರೆಯುತ್ತಿರಲಿಲ್ಲ, “ತಾವು ಹೇಳಿದ ಹಿರಿಯರು” ಅಷ್ಟೇ. ನಮ್ಮ ಕಡೆಯ ದೌರ್ಬಲ್ಯ ಏನಿದ್ದರೂ ಅದು ಜಗಲಿಯ ಮಾತು, ಕಾರ್ಡಿನ ಮಾತಲ್ಲ. ವಾಯಿದೆ ಹತ್ತಿರದ್ದಾಗಿದ್ದರೆ ಕಾರ್ಡು ತಲುಪುವುದಿಲ್ಲವೆಂದು ಗೊತ್ತಿದ್ದು, ಸಂಜೆ ಬಸ್‌ಸ್ಟ್ಯಾಂಡಿಗೆ ಹೋಗಿ ನಮ್ಮೂರ ಕಡೆಯ ಬಸ್ಸಿನ ಕಂಡಕ್ಟರಿಗೆ ಬಾಯಿಮಾತು ಹೇಳಿ ಕಳಿಸುತ್ತಿದ್ದರು. ಸಾಹೇಬರು ರಜೆ ಇದ್ದ ದಿನ ಹೋಗಿ ಬಂದ ಬಸ್ ಚಾರ್ಜು ದಂಡವಾದರೆ, ಮುಂದಿನ ಕಾರ್ಡಿನಲ್ಲಿ “ತಮಗೆ ತೊಂದರೆಯಾಯಿತು” ಎಂದು ಒಂದು ಸಾಲು ಇರುತ್ತಿತ್ತು. ತೊಂದರೆ ಕೊಟ್ಟವರು ಅವರಲ್ಲ.

ಕಾರ್ಡಿನ ಕೊನೆಯ ಸಾಲು ಪ್ರತಿ ಸಲವೂ ಒಂದೇ: ಪಾರ್ಟಿಗಳಲ್ಲಿ ಯಾರಾದರೂ ತೀರಿಕೊಂಡಿದ್ದರೆ ತಕ್ಷಣ ತಿಳಿಸುವುದು. ತಾತನಿಗೆ ಅದನ್ನು ಓದಿ ಹೇಳಿದಾಗಲೆಲ್ಲ ಸಿಟ್ಟು. “ನಾನು ಸತ್ರೆ ನಾನೇ ಹೇಗೋ ತಿಳಿಸಲಿ?” ಎನ್ನುತ್ತಿದ್ದರು. ತೀರಿಕೊಂಡವರು ಎದುರು ಪಾರ್ಟಿ. ಒಂದು ಮಾಘ ಮಾಸದಲ್ಲಿ ಪಕ್ಕದ ಜಮೀನಿನ ಯಜಮಾನರು ಹೋದರು. ತಾತ ಹೆಗಲು ಕೊಟ್ಟರು. ದಾವೆ ಬೇರೆ, ನೆರೆ ಬೇರೆ. ಮೊಮ್ಮಗನ ಕೈಲಿ ರಾಯರಿಗೆ ಒಂದು ಕಾರ್ಡು ಬರೆಸಿದರು. ತಿರುಗಿ ಬಂದ ಕಾರ್ಡಿನಲ್ಲಿ ಎರಡು ಸಾಲು ಸಂತಾಪ. ಅದರ ಕೆಳಗೆ, ಮೃತರ ಹೆಂಡತಿ, ಗಂಡುಮಕ್ಕಳು, ಮದುವೆಯಾಗಿ ಹೋದ ಹೆಣ್ಣುಮಕ್ಕಳು ಸಹಾ ಎಲ್ಲರ ಹೆಸರು, ವಯಸ್ಸು, ಈಗಿರುವ ಊರು ಬರೆದು ತರುವುದು, ತಿಂಗಳೊಪ್ಪತ್ತಿನಲ್ಲೇ ಆಗಬೇಕು.

ಕಾರಣ ಇದು. ದಾವೆ ನಡೆಯುತ್ತಿರುವಾಗ ಪ್ರತಿವಾದಿ ತೀರಿಕೊಂಡರೆ ಅವರ ವಾರಸುದಾರರನ್ನು ಆ ಜಾಗಕ್ಕೆ ಸೇರಿಸಬೇಕು, ಅದಕ್ಕೆ ಅರ್ಜಿ ಹಾಕಲು ಸಾವಿನ ದಿನದಿಂದ 90 ದಿನ. ಹಾಕದಿದ್ದರೆ ಅವರ ಮಟ್ಟಿಗೆ ದಾವೆ ತಾನಾಗಿಯೇ ಬಿದ್ದುಹೋಗುತ್ತದೆ. ಆಮೇಲೆ ಅದನ್ನು ಎಬ್ಬಿಸಲು ಮತ್ತೆ 60 ದಿನದ ಅವಕಾಶ ಇದೆ, ಅದೂ ಕಳೆದರೆ ತಡವಾದ ಒಂದೊಂದು ದಿನಕ್ಕೂ ವಿವರಣೆ. ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿ ವರ್ಷಾನುಗಟ್ಟಲೆ ನಡೆದ ದಾವೆ ಕೊನೆಗೆ ತಕರಾರಿಗೆ ಸಿಕ್ಕಿಕೊಂಡದ್ದನ್ನು ರಾಯರು ಕಂಡಿದ್ದರು. ಅದಕ್ಕೇ “ಸಹಾ” ಎಂಬುದರ ಕೆಳಗೆ ಗೆರೆ.

ಈಗ ತಾತನ ಪಾಡು ನೋಡಿ. ವೈಕುಂಠ ಸಮಾರಾಧನೆಯ ಎಲೆಯ ಮುಂದೆ ಕೂತು, ಸತ್ತವರ ಮಕ್ಕಳ ಲೆಕ್ಕ ಹಾಕಬೇಕು. ಹೆಸರುಗಳೇನೋ ಗೊತ್ತು, ಎತ್ತಿ ಆಡಿಸಿದ ಮಕ್ಕಳೇ. ವಯಸ್ಸು, ವಿಳಾಸ ಯಾರನ್ನು ಕೇಳುವುದು? ಕೊನೆಗೆ ಕೇಳಿದ್ದು ಸತ್ತವರ ಹಿರಿಯ ಮಗನನ್ನೇ. ಯಾತಕ್ಕೆಂದು ಹೇಳಿಯೇ ಕೇಳಿದರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ತಂಗಿಯರ ಗಂಡಂದಿರ ಊರುಗಳನ್ನೂ ಸೇರಿಸಿ ಎಲ್ಲವನ್ನೂ ಬರೆಸಿದ. ಬರೆದುಕೊಂಡವನು ನಾನು. ಅಪ್ಪ ಹಾಕಿದ ಬೇಲಿಯ ಬಗ್ಗೆ ಅವನಿಗೂ ತಾತನಿಗೂ ಮೊದಲ ಸಲ ನೇರ ಮಾತಾದದ್ದು ಅವತ್ತು.

ರಾಜಿ ಆದದ್ದು ಅದರ ಬೆನ್ನಿಗೇ. ಬದುವಿನ ಪಕ್ಕ ಎಂಟು ಅಡಿ ಅಗಲದ ದಾರಿ, ನಕ್ಷೆ ಸಮೇತ. ರಾಜಿಯೆಂದರೆ ಕೈಕುಲುಕಿದರೆ ಆಗದು. ಬರೆದು, ಎರಡೂ ಕಡೆಯ ಎಲ್ಲ ಪಾರ್ಟಿಗಳೂ ಸಹಿ ಮಾಡಿ, ಕೋರ್ಟಿನ ಮುಂದೆ ಹೌದು ಎಂದು ಒಪ್ಪಬೇಕು. ಆಗಷ್ಟೇ ಅದು ಡಿಕ್ರಿ. ದೂರದ ಊರಿನ ಹೆಣ್ಣುಮಕ್ಕಳು ಸಹಿಗೆ ಬರಲೇಬೇಕೆಂದು ರಾಯರು ಬರೆದಿದ್ದರು. ಅಂಚಿನಲ್ಲಿ ಅಡ್ಡಡ್ಡ ಬರೆದ ಸಾಲು ಇದು: “ಈ ಸಲ ಎರಡೂ ಕಡೆಯವರು ಒಂದೇ ಬಸ್ಸಿನಲ್ಲಿ ಬಂದರೂ ಅಡ್ಡಿಯಿಲ್ಲ.” ರಾಯರು ಕಾರ್ಡಿನಲ್ಲಿ ತಮಾಷೆ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ತಾತ ಅದನ್ನು ಮತ್ತೆ ಮತ್ತೆ ಓದಿಸಿಕೊಂಡರು.

ಗುಮಾಸ್ತರೆಲ್ಲ ಹೀಗೇ ಇದ್ದರು ಎಂದರೆ ಹಳ್ಳಿಯ ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ತಾರೀಖನ್ನೇ ಬಂಡವಾಳ ಮಾಡಿಕೊಂಡು, ದುಡ್ಡು ಬಿಚ್ಚದೆ ವಾಯಿದೆ ಹೇಳದವರಿದ್ದರು. ಇಲ್ಲದ ಖರ್ಚನ್ನು ಸಾಹೇಬರ ಹೆಸರಿನಲ್ಲಿ ಕೇಳುವವರಿದ್ದರು. ಪಾರ್ಟಿಗೆ ತನ್ನ ಕೇಸಿನ ನಂಬರೇ ಗೊತ್ತಾಗದಂತೆ ನೋಡಿಕೊಂಡವರೂ ಇದ್ದರು. ಇ-ಕೋರ್ಟ್ಸ್ ಯೋಜನೆ ಬಂದು ಪ್ರತಿ ಕೇಸಿಗೂ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಸಿಕ್ಕ ಮೇಲೆ ಆ ಆಟ ನಿಂತಿತು. ಸಂಖ್ಯೆ ಒತ್ತಿದರೆ ಮುಂದಿನ ತಾರೀಖು, ಯಾವ ಹಂತ ಎಲ್ಲ ಯಾರ ಹಂಗೂ ಇಲ್ಲದೆ ಫೋನಿನಲ್ಲಿ ಕಾಣುತ್ತದೆ. ಕಂಡಕ್ಟರನ್ನು ಕಾಯಬೇಕಿಲ್ಲ. ಟೀ ಅಂಗಡಿಯವನು ಓದುವುದಿಲ್ಲ. ಇದನ್ನು ಬೇಡವೆನ್ನಲು ನನಗೆ ಬಾಯಿಲ್ಲ.

ಆದರೆ ಅದರಲ್ಲಿ ಇರುವುದು ತಾರೀಖು ಮಾತ್ರ. ನನ್ನ ಚಿಕ್ಕಪ್ಪನ ಮಗನ ಭಾಗದ ದಾವೆಯಲ್ಲಿ ಆದದ್ದನ್ನು ಹೇಳುತ್ತೇನೆ. ಅವನ ಫೋನಿಗೆ ಮೆಸೇಜು ಬಂತು: ಕೇಸಿನ ನಂಬರು, ಮುಂದಿನ ದಿನಾಂಕ, ಹಂತ ಎವಿಡೆನ್ಸ್. ಅವನು ಸರಿಯಾದ ದಿನ, ಸರಿಯಾದ ಹೊತ್ತಿಗೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬರಿಗೈಯಲ್ಲಿ ಹೋದ. 2002ರಿಂದ ಮುಖ್ಯ ವಿಚಾರಣೆಯನ್ನು ಬಾಯಲ್ಲಿ ಹೇಳಬೇಕಾಗಿಲ್ಲ, ಪ್ರಮಾಣಪತ್ರವಾಗಿ ಟೈಪು ಮಾಡಿ ಕೊಡಬೇಕು. ಆ ಪ್ರಮಾಣಪತ್ರ ತಯಾರಾಗಿರಲಿಲ್ಲ, ಯಾಕೆಂದರೆ ತಯಾರು ಮಾಡಲು ಇವನು ಮುಂಚೆ ಹೋಗಿ ಕೂತಿರಲಿಲ್ಲ, ಹೋಗಬೇಕೆಂದು ಇವನಿಗೆ ಯಾರೂ ಹೇಳಿರಲಿಲ್ಲ. ವಕೀಲರ ಆಫೀಸಿನಲ್ಲಿ ಈಗ ಗುಮಾಸ್ತರಿಲ್ಲ. ಕಂಪ್ಯೂಟರಿನ ಮುಂದೆ ಒಬ್ಬ ಹುಡುಗ ಇದ್ದಾನೆ, ಅವನೂ ಬೆಳಿಗ್ಗೆ ಇನ್ನೊಂದು ಆಫೀಸಿನ ಕೆಲಸ ಮಾಡುತ್ತಾನೆ. ಮೆಸೇಜು ಹೋಗಿದೆ ಎಂದರೆ ಪಾರ್ಟಿಗೆ ತಿಳಿದಿದೆ ಎಂದು ಅವನ ಲೆಕ್ಕ.

ಮುಂದಿನ ವಾಯಿದೆಗೆ ಖರ್ಚು ಕಟ್ಟಿಸಿಕೊಂಡು ಅವಕಾಶ ಕೊಟ್ಟರು. ಪ್ರಮಾಣಪತ್ರವಾಯಿತು. ಅಸಲು ವಿಭಾಗಪತ್ರ ಎಲ್ಲಿ ಎಂದಾಗ, ಅದು ಬೆಳೆ ಸಾಲಕ್ಕೆ ಬ್ಯಾಂಕಿನಲ್ಲಿ ಅಡವು. ಇಂಥಲ್ಲಿ ಉಪನೋಂದಣಿ ಕಚೇರಿಯಿಂದ ದೃಢೀಕೃತ ನಕಲು ತೆಗೆಸಬೇಕು, ಅಸಲು ಬ್ಯಾಂಕಿನಲ್ಲಿರುವುದಕ್ಕೆ ಬ್ಯಾಂಕಿನಿಂದ ಒಂದು ಪತ್ರ ಪಡೆಯಬೇಕು, ಎರಡನ್ನೂ ಹಿಡಿದುಕೊಂಡು ಹೋಗಬೇಕು. ಕೆಲಸ ದೊಡ್ಡದಲ್ಲ, ಆದರೆ ವಾಯಿದೆಯ ದಿನ ಬೆಳಿಗ್ಗೆ ಆಗುವಂಥದ್ದೂ ಅಲ್ಲ. ಒಂದು ಕಡೆಯವರಿಗೆ ಮೂರಕ್ಕಿಂತ ಹೆಚ್ಚು ಸಲ ಮುಂದೂಡಿಕೆ ಕೊಡಬಾರದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಹೇಳುತ್ತದೆ. ಕೋರ್ಟುಗಳು ಅದನ್ನು ಎಷ್ಟೋ ಸಲ ಸಡಿಲಿಸುತ್ತವೆ, ಇವನಿಗೆ ಸಡಿಲಿಸಲಿಲ್ಲ. ವಾದಿಯ ಸಾಕ್ಷ್ಯ ಮುಕ್ತಾಯ ಎಂದು ಬರೆಸಿದರು. ಆ ವಿಷಯವೂ ಸಂಜೆಯೊಳಗೆ ಫೋನಿನಲ್ಲಿ ಕಂಡಿತು: ಮುಂದಿನ ತಾರೀಖು, ಹಂತ ಪ್ರತಿವಾದಿ ಸಾಕ್ಷ್ಯ. ಮೆಸೇಜು ಓದಿ ಇವನು ಖುಷಿಪಟ್ಟ. ಕೇಸು ಮುಂದೆ ಹೋಗುತ್ತಿದೆ ಎಂದುಕೊಂಡ.

ರಾಯರು ಇದ್ದಿದ್ದರೆ ಈ ದಾವೆ ಗೆಲ್ಲುತ್ತಿತ್ತು ಎನ್ನುವುದಿಲ್ಲ. ಇವನ ಕೈಯಲ್ಲಿ ಒಂದು ತಿಂಗಳ ಮುಂಚೆ ಒಂದು ಕಾರ್ಡು ಇರುತ್ತಿತ್ತು. ಅದರಲ್ಲಿ “ಅಸಲು ಬ್ಯಾಂಕಿನಲ್ಲಿದ್ದರೆ ಈಗಲೇ ತಿಳಿಸುವುದು” ಎಂಬ ಸಾಲು ಇರುತ್ತಿತ್ತು. ಯಾಕೆಂದರೆ ನಮ್ಮ ಕಡೆಯ ಅರ್ಧ ಜನರ ಅಸಲು ಬ್ಯಾಂಕಿನಲ್ಲೇ ಇರುತ್ತದೆ ಎನ್ನುವುದು ಅವರಿಗೆ ಗೊತ್ತಿತ್ತು.

ರಾಯರು ಹೋಗಿ ಬಹಳ ವರ್ಷವಾಯಿತು. ಅವರ ವಕೀಲರು ಅದಕ್ಕೂ ಮೊದಲೇ ಹೋಗಿದ್ದರು. ಮಕ್ಕಳು ಯಾರೂ ಆ ಕೆಲಸಕ್ಕೆ ಬರಲಿಲ್ಲ, ಬರಬೇಕೆಂದು ಅವರೂ ಬಯಸಿರಲಿಕ್ಕಿಲ್ಲ. ಸಂಬಳ ಅಂದಂದಿನ ಸಾರು ಪಲ್ಯಕ್ಕೆ, ಉಳಿದದ್ದು ಪಾರ್ಟಿಗಳು ಗೆದ್ದಾಗ ಕೊಡುವ ಪಂಚೆ, ಸುಗ್ಗಿಯಲ್ಲಿ ಕೊಡುವ ತೆಂಗಿನಕಾಯಿ. ನಕಲು ಅರ್ಜಿ, ಕೇಸಿನ ಪಟ್ಟಿ, ತಾರೀಖು ಎಲ್ಲ ಪರದೆಯ ಮೇಲೆ ಬಂದಾಗ ಗುಮಾಸ್ತರ ಕೆಲಸ ಮುಗಿಯಿತೆಂದು ಎಲ್ಲರಿಗೂ ಅನ್ನಿಸಿದ್ದು ಸಹಜ. ಕಣ್ಣಿಗೆ ಕಾಣುತ್ತಿದ್ದ ಕೆಲಸ ಅದೇ ಆಗಿತ್ತು. ಜಗಲಿಯ ಮೇಲಿನ ಐದು ಗಂಟೆಯ ಕೆಲಸಕ್ಕೆ ರಿಜಿಸ್ಟರೂ ಇರಲಿಲ್ಲ, ಫೀಜೂ ಇರಲಿಲ್ಲ. ಹಾಗಾಗಿ ಅದು ನಿಂತದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ಚಿಕ್ಕಪ್ಪನ ಮಗ ಈಗ ಸಾಕ್ಷ್ಯವನ್ನು ಮತ್ತೆ ತೆರೆಯಲು ಅರ್ಜಿ ಹಾಕಿಸಿದ್ದಾನೆ. ಮೊನ್ನೆ ಅದರ ವಿಚಾರಣೆಯ ಮೆಸೇಜು ತೋರಿಸಿದ. ಬ್ಯಾಂಕಿನ ಪತ್ರ ಬಂತಾ, ನಕಲಿಗೆ ಅರ್ಜಿ ಕೊಟ್ಟೆಯಾ, ಸಾಕ್ಷಿಗೆ ಬರುವವರಿಗೆ ಹೇಳಿದೆಯಾ, ಅತ್ತೆಯಂದಿರೆಲ್ಲ ಪಾರ್ಟಿಗಳಾಗಿದ್ದಾರಾ, ದೊಡ್ಡತ್ತೆ ತೀರಿಕೊಂಡು ಎಷ್ಟು ದಿನವಾಯಿತು ಎಂದು ನಾನು ಕೇಳುತ್ತಾ ಹೋದೆ. ಅವನು ಫೋನನ್ನು ಮೇಲೆ ಕೆಳಗೆ ಸರಿಸಿ ನೋಡಿ, “ಅಣ್ಣಾ, ಇದರಲ್ಲಿ ಇಷ್ಟೆಲ್ಲ ಎಲ್ಲಿ ಬರ್ದಿದೆ?” ಎಂದ.

“ಬರ್ದಿಲ್ಲ,” ಎಂದೆ. “ಒಂದು ಪೆನ್ನು ತಗೊಂಡು ಬಾ. ದೊಡ್ಡತ್ತೆ ಹೋಗಿದ್ದು ಯಾವತ್ತು ಅನ್ನೋದನ್ನ ಮೊದಲು ಬರಿ.”